ಅದೇ ದೋಷ ಮತ್ತೆ ಮತ್ತೆ ಬಂದಾಗ: ಫಿಶ್‌ಬೋನ್ ಮತ್ತು ಐದು ‘ಯಾಕೆ’ ಹಿಡಿದು ಮೂಲ ಕಾರಣ ಹುಡುಕುವ ಕ್ರಮ

ಕಸ್ಟಮರ್ ಕಂಪ್ಲೇಂಟ್ ಬಂದ ಮೇಲೆ ವೈ-ವೈ ಅನಾಲಿಸಿಸ್ ಬರೆದು ಕಳಿಸದ ಮೆಷಿನ್ ಶಾಪ್ ಇಲ್ಲ. ಫೈಲ್ ತುಂಬ ಅವೇ ಇರುತ್ತವೆ. ಆದರೂ ಎರಡು ತಿಂಗಳಿಗೆ ಅದೇ ಜಾಬ್, ಅದೇ ದೋಷ ವಾಪಸ್ ಬರುತ್ತದೆ. ಹಳೇ ರಿಪೋರ್ಟ್ ತೆಗೆದು ನೋಡಿದರೆ ಕೊನೇ ಸಾಲು ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ: ‘ಆಪರೇಟರ್‌ಗೆ ತರಬೇತಿ ಕೊಡಲಾಗಿದೆ.’

ಫಿಶ್‌ಬೋನ್ ಅಂದರೆ ದೋಷದ ಕಾರಣಗಳನ್ನು ಮೀನಿನ ಮುಳ್ಳಿನ ಹಾಗೆ ಜೋಡಿಸುವ ಚಿತ್ರ. ಅದನ್ನು ಬರೆಯೋದು ಕಷ್ಟ ಅಂತ ಜನ ಸೋಲುವುದಿಲ್ಲ. ಕ್ರಮ ತಪ್ಪಿ ಸೋಲುತ್ತಾರೆ. ಮಾಹಿತಿ ಇಲ್ಲದೆ ಮೀಟಿಂಗ್ ರೂಮಿನಲ್ಲಿ ಕೂತು ಮೀನು ಬರೆಯುತ್ತಾರೆ. ಅದರಲ್ಲಿ ಜೋರಾಗಿ ಮಾತಾಡಿದವರ ಕಾರಣಕ್ಕೆ ಸುತ್ತು ಹಾಕುತ್ತಾರೆ. ಆಮೇಲೆ ಆ ಕಾರಣಕ್ಕೆ ಹೊಂದುವ ಹಾಗೆ ಐದು ‘ಯಾಕೆ’ ಜೋಡಿಸುತ್ತಾರೆ.

ಇಲ್ಲಿ ಒಂದೇ ಕೇಸ್ ಹಿಡಿದು ಕೊನೆಯವರೆಗೆ ಹೋಗೋಣ. ಪೀಣ್ಯದಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದ ಒಂದು ಶಾಪಿನದು. ಜಾಬ್ ಅಲ್ಯೂಮಿನಿಯಂ ಹೌಸಿಂಗ್. ಅದರೊಳಗೆ 6206 ಬೇರಿಂಗ್ ಕೂರುತ್ತದೆ. ಆ ಬೇರಿಂಗ್‌ನ ಹೊರ ವ್ಯಾಸ 62 ಮಿ.ಮೀ. ಡ್ರಾಯಿಂಗ್‌ನಲ್ಲಿ ಬೋರ್ 62 ಎಚ್7. ಅಂದರೆ 62.000ರಿಂದ 62.030ರ ಒಳಗೆ ಇರಬೇಕು. ಬೇರಿಂಗ್ ಕೈಯಲ್ಲೇ ಜಾರಿ ಕೂರಬೇಕಿತ್ತು, ಆದರೆ ಕಸ್ಟಮರ್ ಕಡೆ ಟೈಟ್ ಆಗುತ್ತಿತ್ತು. ಮೂರನೇ ಸಲ ಬಂದ ಕಂಪ್ಲೇಂಟ್ ಅದು. 400ರ ಲಾಟಿನಲ್ಲಿ 37 ಪೀಸ್ ವಾಪಸ್ ಬಂದಿದ್ದವು. ನಮ್ಮ ಲೈನ್ ರಿಪೋರ್ಟ್ ತೆಗೆದರೆ ದಿನವಿಡೀ 62.012ರಿಂದ 62.018. ಎಲ್ಲವೂ ಓಕೆ.

## ಬೇಕಾದ ಸಾಮಾನು, ಬೇಕಾದ ಜನ

ದೊಡ್ಡ ಬ್ರೌನ್ ಪೇಪರ್ ಅಥವಾ ಬಿಳಿ ಬೋರ್ಡ್, ಅಂಟಿಸುವ ಚೀಟಿಗಳು, ಎರಡು ಬಣ್ಣದ ಮಾರ್ಕರ್. ವಾಪಸ್ ಬಂದ ಕೆಟ್ಟ ಪೀಸ್‌ಗಳು ಕನಿಷ್ಠ ಹತ್ತು, ಜೊತೆಗೆ ಒಳ್ಳೆಯ ಪೀಸ್‌ಗಳೂ ಹತ್ತು. ಆ ದಿನಗಳ ಲೈನ್ ರಿಪೋರ್ಟ್, ಮೇಂಟೆನೆನ್ಸ್ ಚೆಕ್‌ಲಿಸ್ಟ್, ಏನನ್ನು ಹೇಗೆ ಅಳೆಯಬೇಕು ಅಂತ ಬರೆದಿರುವ ಕಂಟ್ರೋಲ್ ಪ್ಲಾನ್. ಅಳೆಯಲು ಬೇಕಾದ ಗೇಜ್‌ಗಳು. ನಮ್ಮ ಕೇಸಿಗೆ ಡಯಲ್ ಬೋರ್ ಗೇಜ್, ಅದನ್ನು 62ಕ್ಕೆ ಸೆಟ್ ಮಾಡುವ ಸ್ಟೀಲ್ ರಿಂಗ್ ಗೇಜ್ ಮತ್ತು ಒಂದು ಥರ್ಮಾಮೀಟರ್ ಬೇಕಾಯಿತು.

ಜನ ಐದಾರು ಸಾಕು. ಆ ಮೆಷಿನ್ ಓಡಿಸುವ ಎರಡೂ ಶಿಫ್ಟಿನ ಆಪರೇಟರ್‌ಗಳು, ಸೆಟ್ಟರ್, ಲೈನ್ ಇನ್‌ಸ್ಪೆಕ್ಟರ್, ಮೇಂಟೆನೆನ್ಸ್‌ನಿಂದ ಒಬ್ಬರು. ಮಾಲೀಕರು ಕೂರುವುದು ಬೇಡ. ಅವರು ಕೂತರೆ ಆಪರೇಟರ್ ಬಾಯಿ ಬಿಡುವುದಿಲ್ಲ. ಜಾಗ ಮೆಷಿನ್ ಪಕ್ಕದಲ್ಲೇ ಇರಲಿ. ಎಸಿ ರೂಮಿನಲ್ಲಿ ಕೂತರೆ ‘ಇರಬಹುದು’ ಅನ್ನುವ ಮಾತು ಜಾಸ್ತಿ. ಮೆಷಿನ್ ಪಕ್ಕ ಕೂತರೆ ‘ಬನ್ನಿ, ನೋಡೋಣ’ ಅನ್ನುತ್ತಾರೆ.

## ಹಂತ 1: ಕೆಟ್ಟ ಮಾಲು ಹೊರಗೆ ಹೋಗದ ಹಾಗೆ ತಡೆಯಿರಿ

ಕಾರಣ ಹುಡುಕುವುದಕ್ಕೆ ದಿನಗಳು ಬೇಕು. ಅಷ್ಟರಲ್ಲಿ ಮತ್ತೊಂದು ಲಾಟ್ ಹೋಗಿಬಿಡುತ್ತದೆ. ಹಾಗಾಗಿ ಮೊದಲು ಸ್ಟೋರ್‌ನಲ್ಲಿ, ದಾರಿಯಲ್ಲಿ, ಕಸ್ಟಮರ್ ಹತ್ತಿರ ಇರುವ ಅದೇ ಜಾಬನ್ನೆಲ್ಲ ಎಣಿಸಿ, ಬೇರೆ ಇಡಿ, 100% ಚೆಕ್ ಮಾಡಿಸಿ. ನಾವು ಬೋರಿನೊಳಗೆ ಹೋಗಲೇಬೇಕಾದ 62.000ದ ಗೋ ಪ್ಲಗ್ ಗೇಜ್ ಕೊಟ್ಟು ಒಬ್ಬ ಹುಡುಗನನ್ನು ಕೂರಿಸಿದೆವು.

ಇದು ಬರೀ ತಡೆ, ಪರಿಹಾರ ಅಲ್ಲ. ಇದನ್ನೇ ಪರಿಹಾರ ಅಂತ ರಿಪೋರ್ಟಿಗೆ ಹಾಕಿ ಕೈತೊಳೆದುಕೊಂಡರೆ ಆ ಹುಡುಗ ರಜೆ ಹಾಕಿದ ದಿನವೇ ನಾಲ್ಕನೇ ಕಂಪ್ಲೇಂಟ್ ಬರುತ್ತದೆ.

## ಹಂತ 2: ದೋಷವನ್ನು ಒಂದೇ ವಾಕ್ಯದಲ್ಲಿ, ಅಳತೆ ಸಮೇತ ಬರೆಯಿರಿ

‘ಬೇರಿಂಗ್ ಫಿಟ್ಟಿಂಗ್ ಪ್ರಾಬ್ಲಂ’ ಅಂತ ಬರೆದರೆ ಅದು ದೋಷದ ಹೆಸರಲ್ಲ, ಗೊಣಗಾಟ. ವಾಪಸ್ ಬಂದ ಪೀಸ್‌ಗಳನ್ನು ನೀವೇ ಅಳೆಯಿರಿ. ಕಸ್ಟಮರ್ ಹೇಳಿದ್ದನ್ನು ಹಾಗೇ ನಕಲು ಮಾಡಬೇಡಿ.

ನಮ್ಮ ಹತ್ತು ಪೀಸ್ ಅಳೆದಾಗ 61.996ರಿಂದ 61.999 ಬಂತು. ಹಾಗಾಗಿ ವಾಕ್ಯ ಹೀಗಾಯಿತು: ‘ಅಲ್ಯೂಮಿನಿಯಂ ಹೌಸಿಂಗ್‌ನ 62 ಬೋರ್ 1ರಿಂದ 4 ಮೈಕ್ರಾನ್ ಚಿಕ್ಕದಾಗಿದೆ, 400ರಲ್ಲಿ 37 ಪೀಸ್.’ ಇದರಲ್ಲಿ ಕಾರಣದ ಮಾತೇ ಇಲ್ಲ, ಗಮನಿಸಿ. ‘ಆಫ್‌ಸೆಟ್ ತಪ್ಪಾಗಿ ಬೋರ್ ಚಿಕ್ಕದಾಗಿದೆ’ ಅಂತ ಬರೆದಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯುತ್ತಿತ್ತು.

ಒಂದು ಎಚ್ಚರಿಕೆಯ ಸೂಚನೆ ಇಲ್ಲೇ ಸಿಕ್ಕಿತ್ತು. ನಮ್ಮದೇ ಗೇಜಿನಲ್ಲಿ ಅಂದು 62.015 ತೋರಿಸಿದ್ದ ಜಾಬ್, ಇವತ್ತು ಅದೇ ಗೇಜಿನಲ್ಲಿ 61.998 ತೋರಿಸುತ್ತಿದೆ. ‘ಕಸ್ಟಮರ್ ಗೇಜೇ ಸರಿ ಇಲ್ಲ’ ಅನ್ನುವ ವಾದ ಆಗಲೇ ಬಿದ್ದುಹೋಯಿತು.

## ಹಂತ 3: ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ?

ಎಲ್ಲರೂ ಹಾರಿ ಹೋಗುವ ಹಂತ ಇದೇ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಆಗುತ್ತದೆ. ಬೋರ್ಡ್ ಮೇಲೆ ಎರಡು ಕಾಲಂ ಎಳೆಯಿರಿ. ಎಡಕ್ಕೆ ‘ಬರುತ್ತದೆ’, ಬಲಕ್ಕೆ ‘ಬರಬಹುದಿತ್ತು, ಆದರೆ ಬಂದಿಲ್ಲ’. ಬಲಗಡೆಯದೇ ಬೆಲೆಬಾಳುವ ಕಾಲಂ. ಡಬ್ಬಗಳ ಮೇಲಿನ ಟ್ಯಾಗ್, ಜಾಬ್ ಮೇಲೆ ಹೊಡೆದ ಪಂಚ್, ಡಿಸ್ಪ್ಯಾಚ್ ದಿನಾಂಕ ನೋಡಿ ತುಂಬಿಸಿ. ನೆನಪಿನಿಂದ ತುಂಬಿಸಬೇಡಿ.

ನಮ್ಮದು ಹೀಗಿತ್ತು:

- ಮೆಷಿನ್: 3ನೇ ನಂಬರಿನಲ್ಲಿ ಬರುತ್ತದೆ. ಅದೇ ಜಾಬ್ ಓಡುವ 4ನೇ ನಂಬರಿನಲ್ಲಿ ಬಂದಿಲ್ಲ.
- ಹೊತ್ತು: ಮಧ್ಯಾಹ್ನ ಒಂದೂವರೆ ಆದ ಮೇಲೆ ಬರುತ್ತದೆ. ಬೆಳಗ್ಗೆ 6ರಿಂದ 11ರವರೆಗೆ ಬಂದಿಲ್ಲ.
- ಜಾಬ್: ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಬರುತ್ತದೆ. ಅದೇ ಮೆಷಿನ್ನಿನ ಎರಕದ ಕಬ್ಬಿಣದ ಹೌಸಿಂಗ್‌ನಲ್ಲಿ, ಅದೇ 62 ಬೋರ್ ಇದ್ದರೂ, ಬಂದಿಲ್ಲ.
- ಯಾವಾಗಿನಿಂದ: ಏಪ್ರಿಲ್‌ನಿಂದ. ಅದಕ್ಕೆ ಮುಂಚೆ ಇಲ್ಲ.
- ಆಪರೇಟರ್: ಇಬ್ಬರೂ ವಾರಕ್ಕೊಮ್ಮೆ ಶಿಫ್ಟ್ ಬದಲಾಯಿಸುತ್ತಾರೆ. ಇಬ್ಬರ ಕೈಯಲ್ಲೂ ಬಂದಿದೆ.

ಕೊನೇ ಸಾಲು ಬರೆದಾಗ ಇಬ್ಬರು ಆಪರೇಟರ್‌ಗಳೂ ಸ್ವಲ್ಪ ನೆಟ್ಟಗೆ ಕೂತರು. ಆಮೇಲೆ ಮಾತು ಸಲೀಸಾಗಿ ಬಂತು.

ಏಪ್ರಿಲ್ ಅಂದ ಕೂಡಲೇ ಸೆಟ್ಟರ್ ಹೇಳಿದ್ದು, ‘ಬೇಸಿಗೆ ಸಾರ್, ಶೀಟ್ ಕಾದು ಬಿಡುತ್ತೆ.’ ಕೇಳೋಕೆ ಚೆನ್ನಾಗಿದೆ. ಆದರೆ 4ನೇ ಮೆಷಿನ್ನೂ ಅದೇ ಶೀಟ್ ಕೆಳಗೇ ಇದೆ, ಅಲ್ವಾ? ಬರೀ ಬೇಸಿಗೆ ಕಾರಣವಾಗಿದ್ದರೆ ಎರಡರಲ್ಲೂ ಬರಬೇಕಿತ್ತು. ಬಲಗಡೆ ಕಾಲಂ ಹೀಗೆ ಕೆಲಸ ಮಾಡುತ್ತದೆ.

## ಹಂತ 4: ಮೀನು ಬರೆಯಿರಿ

ಈಗ ಫಿಶ್‌ಬೋನ್. ಬಲಕ್ಕೆ ತಲೆ, ಅದರಲ್ಲಿ ಹಂತ 2ರ ವಾಕ್ಯ. ಅಲ್ಲಿಂದ ಎಡಕ್ಕೆ ಉದ್ದ ಬೆನ್ನುಮೂಳೆ. ಅದಕ್ಕೆ ಆರು ದೊಡ್ಡ ಮುಳ್ಳು: ಮನುಷ್ಯ, ಮೆಷಿನ್, ಮಟೀರಿಯಲ್, ವಿಧಾನ, ಅಳತೆ, ಪರಿಸರ.

ಮೊದಲ ಹತ್ತು ನಿಮಿಷ ಯಾರೂ ಮಾತಾಡಬಾರದು. ಒಬ್ಬೊಬ್ಬರೂ ತಮಗೆ ಅನಿಸಿದ್ದನ್ನು ಚೀಟಿಯಲ್ಲಿ ಬರೆಯಲಿ, ಚೀಟಿಗೊಂದು ಕಾರಣ. ಬರೆಯೋಕೆ ಹಿಂಜರಿಯುವ ಆಪರೇಟರ್ ಇದ್ದರೆ ಅವರು ಹೇಳಲಿ, ಪಕ್ಕದವರು ಬರೆಯಲಿ. ಆಮೇಲೆ ಅಂಟಿಸಿ. ಯಾವ ಮುಳ್ಳಿಗೆ ಅಂತ ಜಗಳ ಬೇಡ. ಕೂಲೆಂಟ್ ಮೆಷಿನ್ನಿಗೆ ಸೇರಿದ್ದೋ ವಿಧಾನಕ್ಕೋ ಅಂತ ಅರ್ಧ ಗಂಟೆ ವಾದ ಮಾಡಿದವರನ್ನು ನೋಡಿದ್ದೇನೆ. ಮುಳ್ಳುಗಳು ಇರೋದು ಯಾವ ಮೂಲೆಯನ್ನೂ ಮರೆಯಬಾರದು ಅಂತ, ಅಷ್ಟೇ.

ಚೀಟಿಯಲ್ಲಿ ಏನು ಬರೆದಿದೆ ಅನ್ನೋದೇ ಇಲ್ಲಿ ಮುಖ್ಯ. ‘ಟೂಲ್’ ಅಂತ ಒಂದೇ ಪದ ಇದ್ದರೆ ವಾಪಸ್ ಕೊಡಿ. ‘ಇನ್ಸರ್ಟ್ ಸವೆದು ಬೋರ್ ಚಿಕ್ಕದಾಗುತ್ತದೆ’ ಅಂತ ಬರೆಸಿ. ಹೋಗಿ ನೋಡಿ ಹೌದು, ಇಲ್ಲ ಅನ್ನುವ ಹಾಗಿರಬೇಕು. ‘ಗಮನ ಕಮ್ಮಿ’, ‘ಅಶ್ರದ್ಧೆ’ ಅನ್ನುವ ಚೀಟಿ ಬಂದರೂ ಹೀಗೇ ಕೇಳಿ: ಯಾವ ಕೆಲಸದಲ್ಲಿ, ಏನು ತಪ್ಪಿತು?

ಅಳತೆಯ ಮುಳ್ಳು ಖಾಲಿ ಉಳಿದಿದ್ದರೆ ಅಲ್ಲೇ ನಿಲ್ಲಿ. ಹೆಚ್ಚಿನ ಶಾಪ್‌ಗಳಲ್ಲಿ ಅದರಲ್ಲಿ ‘ಗೇಜ್ ಕ್ಯಾಲಿಬ್ರೇಷನ್’ ಅಂತ ಒಂದೇ ಚೀಟಿ ಇರುತ್ತದೆ. ಸರ್ಟಿಫಿಕೇಟ್ ಇದೆ, ಮುಗೀತು. ಗೇಜ್ ಸರಿ ಇರಬಹುದು. ಅಳೆದ ರೀತಿ? ಅಳೆದ ಹೊತ್ತು? ನಾನು ಹಾಗೆ ಕೆಣಕಿದ ಮೇಲೆ ಲೈನ್ ಇನ್‌ಸ್ಪೆಕ್ಟರ್ ಒಂದು ಚೀಟಿ ಬರೆದರು: ‘ಜಾಬ್ ಬಿಸಿ ಇರುವಾಗಲೇ ಅಳೆಯುತ್ತೇವೆ.’

ಮುಗಿಯುವಾಗ ನಮ್ಮ ಮೀನಿನ ಮೇಲೆ 19 ಚೀಟಿ ಇತ್ತು. ಮುಕ್ಕಾಲು ಗಂಟೆಗಿಂತ ಜಾಸ್ತಿ ಎಳೆಯಬೇಡಿ.

## ಹಂತ 5: ಒಂದೊಂದಾಗಿ ಹೊಡೆದು ಹಾಕಿ

ಇಲ್ಲಿ ಆಗುವ ದೊಡ್ಡ ತಪ್ಪು ಕೈ ಎತ್ತಿಸಿ ಓಟು ಹಾಕಿಸುವುದು. ಕಾರಣ ಓಟಿನಿಂದ ತೀರ್ಮಾನ ಆಗುವ ವಿಷಯ ಅಲ್ಲ. ಪ್ರತಿ ಚೀಟಿಯನ್ನೂ ಹಂತ 3ರ ಪಟ್ಟಿ ಮುಂದೆ ಹಿಡಿದು ಒಂದೇ ಪ್ರಶ್ನೆ ಕೇಳಿ: ‘ಇದೇ ಕಾರಣ ಆಗಿದ್ದರೆ, ಬೆಳಗ್ಗೆ ಯಾಕೆ ಬಂದಿಲ್ಲ? 4ರಲ್ಲಿ ಯಾಕಿಲ್ಲ? ಕಬ್ಬಿಣದ ಜಾಬಿನಲ್ಲಿ ಯಾಕಿಲ್ಲ?’ ಉತ್ತರ ಇಲ್ಲದಿದ್ದರೆ ಚೀಟಿ ಮೇಲೆ ಗೆರೆ ಹಾಕಿ. ಹರಿದು ಬಿಸಾಡಬೇಡಿ, ಯಾಕೆ ಹೊಡೆದು ಹಾಕಿದಿರಿ ಅಂತ ಪಕ್ಕದಲ್ಲಿ ಬರೆಯಿರಿ.

ಇನ್ಸರ್ಟ್ ಸವೆತ ಹೀಗೇ ಬಿತ್ತು. ಇನ್ಸರ್ಟ್ ಬದಲಾಯಿಸುವುದು ಪೀಸ್ ಲೆಕ್ಕದಲ್ಲಿ. ದಿನದ ಹೊತ್ತಿಗೂ ಅದಕ್ಕೂ ಸಂಬಂಧ ಇರಲಿಲ್ಲ.

ಒಂದು ಚೀಟಿ ಮಾತ್ರ ಸುಲಭಕ್ಕೆ ಬೀಳಲಿಲ್ಲ: ‘ಸಾಫ್ಟ್ ಜಾ ಜಾಸ್ತಿ ಬಿಗಿದು ಬೋರ್ ಮೂರು ಮೂಲೆ ಆಗುತ್ತದೆ.’ ಇದು ನಿಜಕ್ಕೂ ಆಗುವ ದೋಷ. ಮೂರು ಜಾ ಅಲ್ಯೂಮಿನಿಯಂ ಗೋಡೆಯನ್ನು ಒತ್ತಿ ಹಿಡಿದಿರುತ್ತವೆ. ಹಾಗೇ ಬೋರ್ ಮಾಡಿ, ಬಿಟ್ಟಾಗ ಗೋಡೆ ಹಿಂದಕ್ಕೆ ಬರುತ್ತದೆ, ದುಂಡಗಿದ್ದದ್ದು ಮೂರು ಉಬ್ಬಿನ ಆಕಾರ ಆಗುತ್ತದೆ. ಎರಡು ಪಾಯಿಂಟ್ ಮುಟ್ಟುವ ಸಾಮಾನ್ಯ ಬೋರ್ ಗೇಜಿಗೆ ಇದು ಕಾಣುವುದೇ ಇಲ್ಲ. ಒಂದು ಕಡೆ ಉಬ್ಬಿದ್ದರೆ ಎದುರು ಕಡೆ ತಗ್ಗು ಇರುತ್ತದೆ, ಒಟ್ಟು ಅಳತೆ ಹಾಗೇ ಉಳಿಯುತ್ತದೆ. 3 ಮತ್ತು 4ನೇ ಮೆಷಿನ್ನಿನ ಜಾಗಳೂ ಬೇರೆ ಬೇರೆ. ಹಾಗಾಗಿ ಪಟ್ಟಿ ನೋಡಿ ಸುಮ್ನೆ ಹೊಡೆದು ಹಾಕುವ ಹಾಗಿರಲಿಲ್ಲ. ಮೂರು ಪಾಯಿಂಟಿನ ಇನ್‌ಸೈಡ್ ಮೈಕ್ರೋಮೀಟರ್ ತಂದು ವಾಪಸ್ ಬಂದ ಪೀಸ್‌ಗಳನ್ನು ಬೇರೆ ಬೇರೆ ಕೋನದಲ್ಲಿ ಅಳೆದೆವು. ವ್ಯತ್ಯಾಸ ಎರಡೇ ಮೈಕ್ರಾನ್. ಆಮೇಲೆ ಗೆರೆ ಬಿತ್ತು.

ಕೊನೆಗೆ ಉಳಿದದ್ದು ಇನ್‌ಸ್ಪೆಕ್ಟರ್ ಬರೆದ ಆ ಬಿಸಿ ಜಾಬಿನ ಚೀಟಿ. ಮಧ್ಯಾಹ್ನಕ್ಕೂ ಹೊಂದುತ್ತದೆ, ಅಲ್ಯೂಮಿನಿಯಂಗೂ ಹೊಂದುತ್ತದೆ. 3ನೇ ಮೆಷಿನ್ನಿಗೆ ಮಾತ್ರ ಯಾಕೆ ಅನ್ನೋದು ಗೊತ್ತಿರಲಿಲ್ಲ.

## ಹಂತ 6: ಐದು ‘ಯಾಕೆ’, ಪ್ರತಿಯೊಂದಕ್ಕೂ ಸಾಕ್ಷಿ

ಉಳಿದ ಚೀಟಿ ಹಿಡಿದು ಈಗ ‘ಯಾಕೆ’ ಕೇಳುತ್ತಾ ಕೆಳಗಿಳಿಯಿರಿ. ನಿಯಮ ಒಂದೇ. ಒಂದು ಉತ್ತರಕ್ಕೆ ಕಣ್ಣಲ್ಲಿ ಕಂಡ ಅಥವಾ ಅಳೆದ ಸಾಕ್ಷಿ ಸಿಗುವವರೆಗೆ ಮುಂದಿನ ‘ಯಾಕೆ’ ಕೇಳುವ ಹಾಗಿಲ್ಲ. ಐದನ್ನೂ ಒಂದೇ ಕೂತಲ್ಲಿ ಮುಗಿಸಿದ್ದೀರಿ ಅಂದರೆ ನಡುವೆ ಎಲ್ಲೋ ಊಹೆ ಸೇರಿಕೊಂಡಿದೆ ಅಂತಲೇ ಅರ್ಥ. ನಮಗೆ ನಾಲ್ಕು ದಿನ ಹಿಡಿಯಿತು.

ಬೇರಿಂಗ್ ಯಾಕೆ ಟೈಟ್? ಬೋರ್ 61.998ರ ಆಸುಪಾಸಿನಲ್ಲಿದೆ. ಸಾಕ್ಷಿ: ಹತ್ತು ಪೀಸ್ ಅಳತೆ.

ಯಾಕೆ ಚಿಕ್ಕದಾಯಿತು? ಜಾಬ್ ಬಿಸಿ ಇರುವಾಗ ಫಿನಿಷ್ ಕಟ್ ಆಗಿದೆ, ತಣ್ಣಗಾದ ಮೇಲೆ ಕುಗ್ಗಿದೆ. ಇದಕ್ಕೆ ಸಾಕ್ಷಿ ಬೇಕು ಅಂತ ಮಧ್ಯಾಹ್ನ ಮೂರು ಗಂಟೆಗೆ ಹತ್ತು ಪೀಸ್‌ಗೆ ನಂಬರ್ ಹಾಕಿದೆವು. ಮೆಷಿನ್ನಿಂದ ತೆಗೆದ ಒಂದು ನಿಮಿಷದೊಳಗೆ ಒಮ್ಮೆ ಅಳೆದೆವು. ಆಮೇಲೆ ಸರ್ಫೇಸ್ ಪ್ಲೇಟ್ ಮೇಲೆ ರಿಂಗ್ ಗೇಜ್ ಪಕ್ಕದಲ್ಲೇ ಒಂದು ಗಂಟೆ ಇಟ್ಟು ಮತ್ತೆ ಅಳೆದೆವು. ಪ್ರತಿ ಪೀಸೂ 15ರಿಂದ 18 ಮೈಕ್ರಾನ್ ಇಳಿದಿತ್ತು.

ಈ ಸಂಖ್ಯೆ ಲೆಕ್ಕಕ್ಕೂ ಕೂಡಿಬರಬೇಕು. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 62 ಮಿ.ಮೀ.ಗೆ ಅದು ಡಿಗ್ರಿಗೆ 1.4 ಮೈಕ್ರಾನ್. ಜಾಬ್ 41 ಡಿಗ್ರಿ, ರೂಮು 29 ಡಿಗ್ರಿ. 12 ಡಿಗ್ರಿ ವ್ಯತ್ಯಾಸಕ್ಕೆ 17 ಮೈಕ್ರಾನ್. ಅಂದರೆ 62.015 ಅಂತ ಬರೆದ ಜಾಬ್ ತಣ್ಣಗಾದರೆ 61.998. ಆಪರೇಟರ್ ಸುಳ್ಳು ಬರೆದಿರಲಿಲ್ಲ. ಎರಕದ ಕಬ್ಬಿಣ ಇದರ ಅರ್ಧದಷ್ಟೇ ಹಿಗ್ಗುತ್ತದೆ, 8 ಮೈಕ್ರಾನ್ ಕಳೆದುಕೊಂಡರೂ 62.007ಕ್ಕೆ ಬಂದು ಟಾಲರೆನ್ಸ್ ಒಳಗೇ ಉಳಿಯುತ್ತದೆ. ಕಬ್ಬಿಣದ ಜಾಬಿನಲ್ಲಿ ದೋಷ ಯಾಕೆ ಇಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಬಿಸಿ ಅಳೆಯುವಾಗ ನಾವೇ ಒಮ್ಮೆ ಮೋಸ ಹೋಗುತ್ತಿದ್ದೆವು. ಮೇಂಟೆನೆನ್ಸ್‌ನವರು ಇನ್‌ಫ್ರಾರೆಡ್ ಗನ್ ಹಿಡಿದು, ‘29 ಡಿಗ್ರಿ ಇದೆ ಸಾರ್, ಜಾಬ್ ತಣ್ಣಗೇ ಇದೆ’ ಅಂದರು. ಆಪರೇಟರ್ ನಕ್ಕು, ‘ಕೈ ಇಟ್ಟು ನೋಡಣ್ಣ’ ಅಂದರು. ಬೆಚ್ಚಗಿತ್ತು. ಹೊಳೆಯುವ ಅಲ್ಯೂಮಿನಿಯಂ ತನ್ನ ಶಾಖವನ್ನು ಬಹಳ ಕಮ್ಮಿ ಹೊರಸೂಸುತ್ತದೆ, ಸುತ್ತಲಿನದನ್ನೇ ಕನ್ನಡಿಯ ಹಾಗೆ ಗನ್ನಿಗೆ ತೋರಿಸುತ್ತದೆ. ಜಾಬಿಗೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಗನ್ ಹಿಡಿದರೆ 41 ತೋರಿಸಿತು. ಮುಟ್ಟಿಸಿ ಅಳೆಯುವ ಪ್ರೋಬ್ ಇದ್ದರೆ ಇನ್ನೂ ಒಳ್ಳೆಯದು.

ಜಾಬ್ ಯಾಕೆ ಅಷ್ಟು ಬಿಸಿ? ಕೂಲೆಂಟೇ ಬಿಸಿ. ಎರಡು ದಿನ ಗಂಟೆಗೊಮ್ಮೆ ಬರೆದುಕೊಂಡೆವು. 3ನೇ ಮೆಷಿನ್ನಿನಲ್ಲಿ ಬೆಳಗ್ಗೆ 24 ಡಿಗ್ರಿ, ಮಧ್ಯಾಹ್ನ 37. 4ನೇ ಮೆಷಿನ್ನಿನಲ್ಲಿ ಮಧ್ಯಾಹ್ನವೂ 30 ದಾಟಲಿಲ್ಲ.

ಕೂಲೆಂಟ್ ಯಾಕೆ ಬಿಸಿ? ಟ್ಯಾಂಕಿನಲ್ಲಿ ಕೂಲೆಂಟೇ ಕಮ್ಮಿ. 200 ಲೀಟರ್ ಟ್ಯಾಂಕು, ಮೇಲಿನಿಂದ ನೋಡಿದರೆ ತುಂಬಿದ ಹಾಗೇ ಕಾಣುತ್ತದೆ. ಒಂದು ಕಬ್ಬಿಣದ ಸರಳು ಇಳಿಸಿದರೆ ಅರ್ಧಕ್ಕೇ ನಿಂತಿತು. ಕೆಳಗೆಲ್ಲ ಅಲ್ಯೂಮಿನಿಯಂ ಚಿಪ್ಸ್ ಕೂತು ಗಟ್ಟಿಯಾಗಿತ್ತು. ಸುತ್ತು ಹೊಡೆಯುತ್ತಿದ್ದದ್ದು ಹೆಚ್ಚೆಂದರೆ 90 ಲೀಟರ್. ಅಷ್ಟೇ ಶಾಖ, ಅರ್ಧ ನೀರು.

ಟ್ಯಾಂಕ್ ಯಾಕೆ ತುಂಬಿತು? ಕ್ಲೀನಿಂಗ್ ತಿಂಗಳಿಗೊಮ್ಮೆ. ಆ ಚೆಕ್‌ಲಿಸ್ಟ್ ಬರೆದಾಗ ಮೆಷಿನ್ ಒಂದೇ ಶಿಫ್ಟ್ ಓಡುತ್ತಿತ್ತು. ಮಾರ್ಚ್ ಕೊನೆಯಲ್ಲಿ 3ನೇ ಮೆಷಿನ್ನಿಗೆ ಎರಡನೇ ಶಿಫ್ಟ್ ಸೇರಿತು. ಚಿಪ್ಸ್ ಎರಡರಷ್ಟಾಯಿತು, ಚೆಕ್‌ಲಿಸ್ಟ್ ಹಾಗೇ ಉಳಿಯಿತು. 4ನೇ ಮೆಷಿನ್ ಇನ್ನೂ ಒಂದೇ ಶಿಫ್ಟ್. ಬೇಸಿಗೆ ಬರೀ ಮೇಲಿಂದ ಒಂದೆರಡು ಡಿಗ್ರಿ ಸೇರಿಸಿತ್ತು.

ಐದಾಯಿತು ಅಂತ ಇಲ್ಲಿ ನಿಲ್ಲಿಸಿದರೆ ಟ್ಯಾಂಕ್ ತೊಳೆದು ಮನೆಗೆ ಹೋಗುತ್ತೀರಿ. ಇನ್ನೊಂದು ಕೇಳಿ. ಚೆಕ್‌ಲಿಸ್ಟ್ ಯಾಕೆ ಬದಲಾಗಲಿಲ್ಲ? ಶಿಫ್ಟ್ ಜಾಸ್ತಿ ಮಾಡುವುದು ಪ್ಲಾನಿಂಗ್‌ನವರ ತೀರ್ಮಾನ. ಅದನ್ನು ಮೇಂಟೆನೆನ್ಸ್‌ಗೂ ಕ್ವಾಲಿಟಿಗೂ ಹೇಳಿ ಚೆಕ್‌ಲಿಸ್ಟ್ ಮರುನೋಡುವ ಪದ್ಧತಿಯೇ ಇರಲಿಲ್ಲ. ಐದು ಅನ್ನುವುದು ಲೆಕ್ಕ ಅಲ್ಲ. ನಾಳೆ ಬದಲಾಯಿಸಬಹುದಾದ ಒಂದು ಪದ್ಧತಿ ಸಿಗುವವರೆಗೆ ಇಳಿಯಬೇಕು. ‘ಭಾರತದಲ್ಲಿ ಬಿಸಿಲು ಜಾಸ್ತಿ’ ಅನ್ನುವ ಮಟ್ಟಕ್ಕೆ ಹೋದರೆ ಜಾಸ್ತಿ ಇಳಿದಿದ್ದೀರಿ, ಒಂದು ಮೆಟ್ಟಿಲು ಮೇಲೆ ಬನ್ನಿ.

ಮುಗಿದ ಮೇಲೆ ಸರಪಳಿಯನ್ನು ಕೆಳಗಿನಿಂದ ಮೇಲಕ್ಕೆ ‘ಆದ್ದರಿಂದ’ ಹಾಕಿ ಓದಿ. ಚೆಕ್‌ಲಿಸ್ಟ್ ಬದಲಾಗಲಿಲ್ಲ, ಆದ್ದರಿಂದ ಟ್ಯಾಂಕ್ ತುಂಬಿತು. ಆದ್ದರಿಂದ ಕೂಲೆಂಟ್ ಬಿಸಿಯಾಯಿತು. ಆದ್ದರಿಂದ ಜಾಬ್ ಬಿಸಿಯಾಯಿತು. ಆದ್ದರಿಂದ ತಣ್ಣಗಾದಾಗ ಬೋರ್ ಕುಗ್ಗಿತು. ಇದು ಓಡುತ್ತದೆ. ಈಗ ಹಳೇ ರಿಪೋರ್ಟ್ ಓದಿ ನೋಡಿ: ‘ಆಪರೇಟರ್‌ಗೆ ತರಬೇತಿ ಇರಲಿಲ್ಲ, ಆದ್ದರಿಂದ ಮಧ್ಯಾಹ್ನ ಮಾತ್ರ ಬೋರ್ ಚಿಕ್ಕದಾಯಿತು.’ ನಗು ಬರುತ್ತದೆ.

ಒಂದು ‘ಯಾಕೆ’ಗೆ ಎರಡು ಉತ್ತರವೂ ಸಾಕ್ಷಿ ಸಮೇತ ನಿಂತರೆ ಒಂದನ್ನು ಬಿಡಬೇಡಿ. ಸರಪಳಿಯನ್ನು ಎರಡು ಕವಲು ಮಾಡಿ, ಎರಡೂ ದಾರಿ ಇಳಿಯಿರಿ.

## ಹಂತ 7: ನಮ್ಮ ಕೈಯಿಂದ ತಪ್ಪಿಸಿಕೊಂಡಿದ್ದು ಯಾಕೆ?

ದೋಷ ಹುಟ್ಟಿದ್ದು ಒಂದು ಕಥೆ, ನಮ್ಮ ಗೇಟು ದಾಟಿದ್ದು ಇನ್ನೊಂದು. ಇದಕ್ಕೆ ಬೇರೆಯದೇ ‘ಯಾಕೆ’ ಸರಪಳಿ ಬೇಕು. ಎರಡನ್ನೂ ಒಂದೇ ಸಾಲಿನಲ್ಲಿ ಕಲಸಬೇಡಿ.

ಯಾಕೆ ಹಿಡಿಯಲಿಲ್ಲ? ಬಿಸಿ ಜಾಬ್ ಅಳೆದರೆ ಓಕೆ ತೋರಿಸುತ್ತದೆ. ಯಾಕೆ ಬಿಸಿ ಇರುವಾಗ ಅಳೆದರು? ಕಂಟ್ರೋಲ್ ಪ್ಲಾನ್‌ನಲ್ಲಿ ‘ಹತ್ತಕ್ಕೊಂದು ಪೀಸ್’ ಅಂತಿದೆ, ಯಾವಾಗ ಅಂತಿಲ್ಲ. ಫೈನಲ್‌ನಲ್ಲಿ ಯಾಕೆ ಸಿಗಲಿಲ್ಲ? ಅಲ್ಲಿ ಬೋರ್ ನೋಡುತ್ತಲೇ ಇರಲಿಲ್ಲ, ಲೈನ್ ರಿಪೋರ್ಟ್ ನೋಡಿ ಸೀಲ್ ಹೊಡೆಯುತ್ತಿದ್ದರು. ಕಂಟ್ರೋಲ್ ಪ್ಲಾನ್ ಯಾಕೆ ಹಾಗಿತ್ತು? ಕಬ್ಬಿಣದ ಹೌಸಿಂಗ್‌ನದನ್ನು ಕಾಪಿ ಮಾಡಿ ಪಾರ್ಟ್ ನಂಬರ್ ಮಾತ್ರ ಬದಲಾಯಿಸಿದ್ದರು. ಮಾಡಿದ್ದು ಬೇರೆ ಯಾರೂ ಅಲ್ಲ, ನಮ್ಮದೇ ಕ್ವಾಲಿಟಿ ವಿಭಾಗ. ಕೆಳಗೆ ಸಹಿ ನನ್ನದೇ ಇತ್ತು.

## ಹಂತ 8: ದೋಷವನ್ನು ಬೇಕೆಂದಾಗ ತರಿಸಿ, ಬೇಡವೆಂದಾಗ ಕಳಿಸಿ

ಕಾರಣ ನಿಜವಾಗಿದ್ದರೆ ಸ್ವಿಚ್ ಹಾಗೆ ಕೆಲಸ ಮಾಡಬೇಕು. ಟ್ಯಾಂಕ್ ತೊಳೆದು 200 ಲೀಟರ್ ತುಂಬಿಸಿ ಮಧ್ಯಾಹ್ನ 30 ಪೀಸ್ ಓಡಿಸಿದೆವು. ಜಾಬ್ 32 ಡಿಗ್ರಿಗೆ ಬಂತು, ತಣ್ಣಗಾದ ಮೇಲೆ ಇಳಿದದ್ದು 4 ಮೈಕ್ರಾನ್, ಎಲ್ಲಾ ಒಳಗೆ. ಮಾರನೇ ದಿನ ಬೇಕೆಂದೇ 90 ಲೀಟರ್ ಮಾತ್ರ ಉಳಿಸಿ ಮಧ್ಯಾಹ್ನ ಮತ್ತೆ 30 ಓಡಿಸಿದೆವು. ಕೆಟ್ಟ ಪೀಸ್ ವಾಪಸ್ ಬಂದವು. ಮೂರನೇ ದಿನ ಮತ್ತೆ ತುಂಬಿಸಿದೆವು, ಹೋದವು.

ಎರಡನೇ ದಿನದ ಪರೀಕ್ಷೆಗೆ ಮಾಲೀಕರು ಸುಲಭಕ್ಕೆ ಒಪ್ಪುವುದಿಲ್ಲ. ‘ಬೇಕೆಂದೇ ರಿಜೆಕ್ಷನ್ ಮಾಡೋದಾ?’ ಅನ್ನುತ್ತಾರೆ. 30 ಪೀಸ್ ದರ ಮತ್ತು ವಾಪಸ್ ಬಂದ ಲಾಟಿನ ಸಾರ್ಟಿಂಗ್ ಬಿಲ್ ಪಕ್ಕಪಕ್ಕ ಇಟ್ಟು ತೋರಿಸಿ. ಆ ಪೀಸ್‌ಗಳಿಗೆ ಕೆಂಪು ಬಣ್ಣ ಬಳಿದೇ ಇಡಿ, ಒಳ್ಳೆ ಮಾಲಿನ ಜೊತೆ ಸೇರಬಾರದು. ಈ ಪರೀಕ್ಷೆಯಲ್ಲಿ ದೋಷ ವಾಪಸ್ ಬರದಿದ್ದರೆ ನಿಮ್ಮ ಕಾರಣ ತಪ್ಪು, ಅಥವಾ ಎರಡು ಕಾರಣ ಒಟ್ಟಿಗೆ ಸೇರಿದಾಗ ಮಾತ್ರ ದೋಷ ಬರುತ್ತಿದೆ. ಮತ್ತೆ ಹಂತ 5ಕ್ಕೆ ಹೋಗಿ, ಗೆರೆ ಬಿದ್ದ ಚೀಟಿಗಳನ್ನು ಓದಿ. ಅದಕ್ಕೇ ಹರಿಯಬೇಡಿ ಅಂದದ್ದು.

## ಹಂತ 9: ಸರಿಪಡಿಸಿ, ಎಣಿಸಿ

ಎರಡೂ ಸರಪಳಿಯ ಕೊನೆಗೆ ಒಂದೊಂದು ಕ್ರಮ ಇರಬೇಕು. ನಾವು ಟ್ಯಾಂಕ್ ಕ್ಲೀನಿಂಗನ್ನು ತಿಂಗಳ ಲೆಕ್ಕದಿಂದ ಓಡಿದ ಶಿಫ್ಟುಗಳ ಲೆಕ್ಕಕ್ಕೆ ಬದಲಾಯಿಸಿದೆವು. ವಾರಕ್ಕೊಮ್ಮೆ ಸರಳು ಇಳಿಸಿ ನೋಡುವುದು ಚೆಕ್‌ಲಿಸ್ಟಿಗೆ ಬಂತು. ಕೂಲೆಂಟ್ 32 ಡಿಗ್ರಿ ದಾಟಿದರೆ ಸೆಟ್ಟರನ್ನು ಕರೆಯಬೇಕು. ಶಿಫ್ಟ್ ಬದಲಾವಣೆಯ ಫಾರಂನಲ್ಲಿ ಮೇಂಟೆನೆನ್ಸ್ ಮತ್ತು ಕ್ವಾಲಿಟಿ ಸಹಿ ಇಲ್ಲದೆ ಪ್ಲಾನಿಂಗ್ ಮುಂದೆ ಹೋಗುವಂತಿಲ್ಲ. ಹತ್ತಕ್ಕೊಂದು ಪೀಸನ್ನು ಸರ್ಫೇಸ್ ಪ್ಲೇಟ್ ಮೇಲೆ ಒಂದು ಗಂಟೆ ಇಟ್ಟು ಅಳೆಯಬೇಕು. ಬಿಸಿ ಇರುವಾಗಿನ ಅಳತೆ ಟೂಲ್ ಸವೆತದ ಅಂದಾಜಿಗೆ ಮಾತ್ರ. ಫೈನಲ್‌ನಲ್ಲಿ ಗೋ ಪ್ಲಗ್ ಖಾಯಂ ಆಯಿತು. ‘ತರಬೇತಿ’ ಅನ್ನುವ ಸಾಲು ನಮ್ಮ ರಿಪೋರ್ಟಿನಲ್ಲಿ ಇಲ್ಲ. ಹೊಸ ಪದ್ಧತಿ ಹೇಳಿಕೊಟ್ಟಿದ್ದೇವೆ, ನಿಜ, ಆದರೆ ಅದನ್ನೇ ಪರಿಹಾರ ಅಂತ ಎಣಿಸಿಲ್ಲ.

ಆಮೇಲೆ ಎಷ್ಟು ದಿನ ಕಾಯಬೇಕು? ದಿನ ಅಲ್ಲ, ಪೀಸ್ ಎಣಿಸಿ. ಬಾಯಿಲೆಕ್ಕ ಒಂದಿದೆ: ಒಂದೂ ಕೆಟ್ಟದ್ದಿಲ್ಲದೆ ಎಷ್ಟು ಪೀಸ್ ನೋಡಿದ್ದೀರೋ, 3ನ್ನು ಅದರಿಂದ ಭಾಗಿಸಿ. 30 ಪೀಸ್ ಒಳ್ಳೆಯದಿದ್ದರೂ ಒಳಗೊಳಗೆ 10% ರಿಜೆಕ್ಷನ್ ಇರಬಹುದು. ನಮ್ಮ ಹಳೇ ರಿಜೆಕ್ಷನ್ನೇ 9% ಆಗಿತ್ತು, ಅಂದರೆ 30 ಪೀಸ್‌ನಿಂದ ಏನೂ ಸಾಬೀತಾಗುವುದಿಲ್ಲ. 1%ಗಿಂತ ಕಮ್ಮಿ ಅಂತ ಹೇಳಬೇಕಾದರೆ 300 ಪೀಸ್ ಸತತವಾಗಿ ಒಳ್ಳೆಯದು ಬರಬೇಕು. ಅದರಲ್ಲಿ ಮಧ್ಯಾಹ್ನದ ಪೀಸ್‌ಗಳನ್ನು ಮಾತ್ರ ಎಣಿಸಿ. ಬೆಳಗಿನವು ಮುಂಚೆಯೂ ಒಳ್ಳೆಯವೇ ಆಗಿದ್ದವು.

ನಮ್ಮ 300 ಮುಗಿಯಿತು, ಒಂದೂ ಟೈಟ್ ಇಲ್ಲ. ಆದರೆ ಕಸ್ಟಮರ್ ಕಳಿಸಿದ ಅಳತೆ ಪಟ್ಟಿ ನೋಡಿದರೆ ಪ್ರತಿ ಪೀಸೂ ನಮ್ಮ ತಣ್ಣಗಿನ ಅಳತೆಗಿಂತ 5-6 ಮೈಕ್ರಾನ್ ಕಮ್ಮಿ ಇತ್ತು. ಅವರು ಅಳೆಯುವುದು 20 ಡಿಗ್ರಿ ರೂಮಿನಲ್ಲಿ, ನಾವು 28ರಲ್ಲಿ. ನಮ್ಮ ರಿಂಗ್ ಗೇಜ್ ಸ್ಟೀಲ್, ಜಾಬ್ ಅಲ್ಯೂಮಿನಿಯಂ. ಎಂಟು ಡಿಗ್ರಿ ಮೇಲೆ ಹೋದಾಗ ಜಾಬ್ ರಿಂಗಿಗಿಂತ ಆರು ಮೈಕ್ರಾನ್ ಜಾಸ್ತಿ ಹಿಗ್ಗಿರುತ್ತದೆ. ಟಾಲರೆನ್ಸ್ ಒಳಗೇ ಇದ್ದರೂ ಕೆಳಗಿನ ಅಂಚಿಗೆ ಹತ್ತಿರ. ಹಾಗಾಗಿ ತಣ್ಣಗಿನ ಟಾರ್ಗೆಟ್ 62.015ರಿಂದ 62.020ಕ್ಕೆ ಏರಿಸಿ ಕಂಟ್ರೋಲ್ ಪ್ಲಾನ್ ತಿದ್ದಿದೆವು. ಅದೇ ಅಲ್ಯೂಮಿನಿಯಂನಲ್ಲಿ ಒಂದು ಮಾಸ್ಟರ್ ರಿಂಗ್ ಮಾಡಿಸಲು ಹೇಳಿದ್ದೇವೆ. ಅದು ಕ್ಯಾಲಿಬ್ರೇಷನ್ ಆಗಿ ಬಂದ ದಿನ ಸ್ಟೀಲ್ ರಿಂಗ್ 3ನೇ ಮೆಷಿನ್ನಿನಿಂದ ಕಬ್ಬಿಣದ ಜಾಬ್ ಲೈನಿಗೆ ಹೋಗುತ್ತದೆ, ಟಾರ್ಗೆಟ್ ಮತ್ತೆ 62.015ಕ್ಕೆ ಬರುತ್ತದೆ.